ಒಂದು ವರ್ಷದ ಎಂ.ಎಸ್‌ಸಿ. ನಿಜಕ್ಕೂ ಒಂದು ವರ್ಷ ಉಳಿಸುತ್ತದೆಯೇ?

*ಮೆಕ್ಯಾನಿಕಲ್ ಬಿ.ಇ. ಮುಗಿಸಿ ಒಂದು ವರ್ಷದಿಂದ ಕೆಲಸದಲ್ಲಿದ್ದೇನೆ, ವಯಸ್ಸು 23. ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಈ ಸೆಪ್ಟೆಂಬರಿಗೆ (2026) ಒಂದು ವರ್ಷದ ಎಂ.ಎಸ್‌ಸಿ. ಸೀಟು ಸಿಕ್ಕಿದೆ. ಅಪ್ಪ ಮನೆ ಅಡವಿಟ್ಟು 40 ಲಕ್ಷ ಸಾಲ ತೆಗೆಯಲು ಸಿದ್ಧರಿದ್ದಾರೆ. ಗೇಟ್ ಅಂಕದ ಮೇಲೆ ಐಐಟಿ ಮದ್ರಾಸಿನ ಎಂ.ಎಸ್. (ರಿಸರ್ಚ್) ಕೂಡ ಸಿಕ್ಕಿದೆ, ಅದು ಎರಡು ವರ್ಷ. ಪಿಎಚ್‌.ಡಿ. ಮಾಡುವ ಆಸೆ ಇದೆ, ಆದರೆ ಖಾತ್ರಿ ಇಲ್ಲ. ‘ಒಂದೇ ವರ್ಷದಲ್ಲಿ ಮುಗಿಯುತ್ತೆ, ಹೋಗು’ ಅಂತಾಳೆ ಅಕ್ಕ. ಅಮ್ಮನಿಗೆ ಮದುವೆ ತಡವಾಗುವ ಚಿಂತೆ. ಯಾವುದಕ್ಕೆ ಹೂಂ ಅನ್ನಲಿ?*
— ಹೆಸರು ಬೇಡ, ದಾವಣಗೆರೆ

ನಿಮ್ಮ ಅಕ್ಕನ ಮಾತು ಕೆಲಸಕ್ಕೆ ಸೇರುವವರ ಮಟ್ಟಿಗೆ ಸರಿ. ಪಿಎಚ್‌.ಡಿ. ಲೆಕ್ಕ ಹಿಡಿದರೆ ಆ ಒಂದು ವರ್ಷ ಉಳಿಯುವುದೇ ಇಲ್ಲ. ಕ್ಯಾಲೆಂಡರ್ ತೆಗೆದು ನೋಡಿ.

ಬ್ರಿಟನ್ನಿನಲ್ಲಿ ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಮುಂದಿನ ವರ್ಷದ ಪಿಎಚ್‌.ಡಿ.ಗೆ ಹಣಕಾಸು ನೆರವಿನ ಸೀಟುಗಳ ಅರ್ಜಿ ಮುಗಿಯುವುದು ಬಹುತೇಕ ಡಿಸೆಂಬರ್, ಜನವರಿಯಲ್ಲಿ. ಅಮೆರಿಕದಲ್ಲಾದರೆ ಡಿಸೆಂಬರ್ ಮೊದಲ ಹದಿನೈದು ದಿನದಲ್ಲೇ. ನಿಮ್ಮ ಮೊದಲ ಪರೀಕ್ಷೆ ಜನವರಿಯಲ್ಲಿ. ಅಂದರೆ ಅರ್ಜಿ ಹಾಕುವ ಹೊತ್ತಿಗೆ ಕೈಯಲ್ಲಿರುವುದು ಬಿ.ಇ. ಅಂಕಪಟ್ಟಿ ಮಾತ್ರ. ಅಲ್ಲಿನ ಪ್ರಾಧ್ಯಾಪಕರಿಗೆ ನಿಮ್ಮ ಮುಖಪರಿಚಯವಾಗಿ ಎರಡು-ಮೂರು ತಿಂಗಳಷ್ಟೇ ಆಗಿರುತ್ತದೆ. ಹಾಗಾಗಿ ಬಹಳ ಮಂದಿ ಎಂ.ಎಸ್‌ಸಿ. ಮುಗಿಸಿ, 2027ರ ಡಿಸೆಂಬರಿನಲ್ಲಿ ಅರ್ಜಿ ಹಾಕಿ, 2028ರಲ್ಲಿ ಪಿಎಚ್‌.ಡಿ. ಸೇರುತ್ತಾರೆ. ಮದ್ರಾಸಿಗೆ ಹೋದರೂ ನೀವು ಅರ್ಜಿ ಹಾಕುವುದು ಅದೇ ಡಿಸೆಂಬರಿನಲ್ಲಿ, ಸೇರುವುದು ಅದೇ 2028ರಲ್ಲಿ. ವ್ಯತ್ಯಾಸ ಇಷ್ಟೇ: ಆಗ ನಿಮ್ಮ ಹಿಂದೆ ಸುಮಾರು ಹದಿನಾರು ತಿಂಗಳ ಸಂಶೋಧನೆ ಇರುತ್ತದೆ.

ಆ ಹದಿನಾರು ತಿಂಗಳಿಗೆ ಯಾಕಿಷ್ಟು ಬೆಲೆ ಅನ್ನುವುದು ಎಂ.ಎಸ್‌ಸಿ.ಯ ಒಳಗನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿ ಒಟ್ಟು 180 ಕ್ರೆಡಿಟ್. ಸಾಮಾನ್ಯವಾಗಿ 120 ತರಗತಿಯ ಪಾಠಕ್ಕೆ, 60 ಪ್ರಾಜೆಕ್ಟಿಗೆ. ಮೇ ತಿಂಗಳ ಪರೀಕ್ಷೆ ಮುಗಿದ ಮೇಲೆ ಜೂನಿನಲ್ಲಿ ಪೂರ್ಣಾವಧಿ ಪ್ರಾಜೆಕ್ಟ್ ಶುರು, ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ವರದಿ ಸಲ್ಲಿಕೆ. ಮೂರೇ ತಿಂಗಳು. ಶಾಖ ವರ್ಗಾವಣೆಯ ಪ್ರಯೋಗವೊಂದಕ್ಕೆ ರಿಗ್, ಅಂದರೆ ಉಪಕರಣಗಳ ಜೋಡಣೆ, ಕಟ್ಟಬೇಕು ಅನ್ನಿ. ಲ್ಯಾಬಿನ ಸುರಕ್ಷತಾ ಅನುಮತಿ, ಥರ್ಮೊಕಪಲ್ ತರಿಸುವುದು, ಕ್ಯಾಲಿಬ್ರೇಶನ್, ಇಷ್ಟರಲ್ಲೇ ಜುಲೈ ಕಳೆಯುತ್ತದೆ. ಮೊದಲ ಅಳತೆ ತಪ್ಪಿದರೆ ಮತ್ತೆ ಮಾಡಲು ಸಮಯವೇ ಇಲ್ಲ. ಅದಕ್ಕೇ ಹೆಚ್ಚಿನವರು ಕಂಪ್ಯೂಟರ್ ಸಿಮ್ಯುಲೇಶನ್‌ಗೆ ಇಳಿಯುತ್ತಾರೆ. ಅಲ್ಲೂ ಲೆಕ್ಕಕ್ಕೆ ಬಳಸುವ ಜಾಲರಿ, ಅಂದರೆ ಮೆಶ್, ಸಣ್ಣದು ಮಾಡಿದಾಗ ಉತ್ತರ ಬದಲಾಗುತ್ತದೆಯೇ ಎಂದು ಪರೀಕ್ಷಿಸುವ ಹಂತಕ್ಕೇ ವರದಿ ನಿಂತುಬಿಡುವುದುಂಟು. ಎಪ್ಪತ್ತಕ್ಕಿಂತ ಮೇಲೆ ಅಂಕ ಬಂದು ಡಿಸ್ಟಿಂಕ್ಷನ್ ಸಿಗಬಹುದು, ಆದರೆ ಪಿಎಚ್‌.ಡಿ. ಆಯ್ಕೆ ಮಾಡುವವರು ಹುಡುಕುವುದು ಬೇರೆಯದನ್ನು. ‘ನನ್ನ ಕೋರ್ಸಿನಲ್ಲಿ 74 ತೆಗೆದಿದ್ದಾಳೆ’ ಎನ್ನುವ ಶಿಫಾರಸು ಪತ್ರ ಒಂದು; ‘ಮೂರು ತಿಂಗಳ ಅಳತೆಯಲ್ಲಿ ದೋಷವಿದೆ ಎಂದು ತಾನೇ ಕಂಡುಹಿಡಿದು, ರಿಗ್ ಬಿಚ್ಚಿ ಮತ್ತೆ ಕಟ್ಟಿದಳು’ ಎನ್ನುವ ಪತ್ರ ಇನ್ನೊಂದು. ಎರಡನೆಯದು ಮೂರು ತಿಂಗಳ ಪರಿಚಯದಲ್ಲಿ ಹುಟ್ಟುವುದು ಕಷ್ಟ.

ಬ್ರಿಟನ್ನಿನಲ್ಲಿ ಎಂ.ರೆಸ್. ಎನ್ನುವ ಒಂದು ವರ್ಷದ ಪದವಿಯೂ ಇದೆ. ಅದರಲ್ಲಿ ಹೆಚ್ಚು ಪಾಲು ಸಂಶೋಧನೆಗೇ. ಆದರೆ ಡಿಸೆಂಬರಿನ ತೊಡಕು ಅದಕ್ಕೂ ತಪ್ಪಿದ್ದಲ್ಲ, ಅದೇ ಗುಂಪಿನಲ್ಲಿ ಮುಂದುವರಿಯುವವರಿಗೆ ಮಾತ್ರ ಸಲೀಸು.

ಇನ್ನು ಸಾಲ. ಇದನ್ನು ನಿಮ್ಮ ಮನೆಯಲ್ಲಿ ಯಾರೂ ಪೂರ್ತಿ ಲೆಕ್ಕ ಹಾಕಿದಂತೆ ಕಾಣುವುದಿಲ್ಲ. 40 ಲಕ್ಷಕ್ಕೆ ಶೇ 11ರ ಬಡ್ಡಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 55,000 ರೂಪಾಯಿ. ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಐಐಟಿಗಳಲ್ಲಿ ಪಿಎಚ್‌.ಡಿ.ಯ ಮೊದಲೆರಡು ವರ್ಷ ಸಿಗುವ ಫೆಲೋಶಿಪ್ ತಿಂಗಳಿಗೆ 37,000. ಅದರಲ್ಲಿ ಕಂತೇ ಕಟ್ಟಲಾಗದು. ಬ್ರಿಟನ್ನಿನಲ್ಲಿ ಸರ್ಕಾರಿ ಸಂಶೋಧನಾ ಮಂಡಳಿಯ ಸ್ಟೈಪೆಂಡ್ 2025–26ರಲ್ಲಿ ವರ್ಷಕ್ಕೆ 20,780 ಪೌಂಡ್. ಪೌಂಡಿಗೆ 120 ರೂಪಾಯಿಯಂತೆ ಹಿಡಿದರೂ ಕಾಲು ಭಾಗಕ್ಕಿಂತ ಹೆಚ್ಚು ಬ್ಯಾಂಕಿಗೇ ಹೋಗುತ್ತದೆ. ಆಗ ಪಿಎಚ್‌.ಡಿ. ಬೇಕೋ ಬೇಡವೋ ಅನ್ನುವುದನ್ನು ನಿರ್ಧರಿಸುವವರು ನೀವಾಗಿರುವುದಿಲ್ಲ. ಕೆಲಸ ಹುಡುಕೋಣ ಎಂದರೆ, 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಓದು ಮುಗಿದ ಮೇಲೆ ಅಲ್ಲಿ ಉಳಿಯುವ ವೀಸಾ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ನೀವು ಬರುವುದು ಆ ಲೆಕ್ಕಕ್ಕೆ.

ವಾಪಸ್ ಬಂದು ಇಲ್ಲಿ ಅಧ್ಯಾಪಕಿಯಾಗುವ ಯೋಚನೆ ಇದ್ದರೆ ಇನ್ನೊಂದು ಮಾತು. ಪದವಿಗಳ ಪರಸ್ಪರ ಮಾನ್ಯತೆಗೆ ಭಾರತ ಮತ್ತು ಬ್ರಿಟನ್ 2022ರಲ್ಲಿ ಒಪ್ಪಂದ ಮಾಡಿಕೊಂಡಿವೆ, ಆದರೆ ಎಂಜಿನಿಯರಿಂಗ್ ಪದವಿಗಳು ಅದರ ಹೊರಗಿವೆ. ತತ್ಸಮಾನ ಪ್ರಮಾಣಪತ್ರವನ್ನು ಬೇರೆಯಾಗಿಯೇ ಪಡೆಯಬೇಕು.

ಇಷ್ಟು ಹೇಳಿದ ಮೇಲೂ ಮದ್ರಾಸಿನ ದಾರಿ ನಿರಾಯಾಸದ್ದು ಎಂದು ತಿಳಿಯಬೇಡಿ. ಗೇಟ್ ಮೂಲಕ ಸೇರಿದವರಿಗೆ ಸಿಗುವ ಸಹಾಯಧನ ತಿಂಗಳಿಗೆ 12,400. ಅದಕ್ಕೆ ಬದಲಾಗಿ ವಾರಕ್ಕೆ ಎಂಟು ಗಂಟೆ ಬೋಧನಾ ಸಹಾಯದ ಕೆಲಸ. ಹಾಸ್ಟೆಲಿನಲ್ಲಿದ್ದು ಹೇಗೋ ತೂಗಿಸಬಹುದು, ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ. ದೊಡ್ಡ ಅಪಾಯವೆಂದರೆ ಎರಡು ವರ್ಷ ಎನ್ನುವುದು ಕಾಗದದ ಮೇಲಿನ ಮಾತು. ರಿಸರ್ಚ್ ಪದವಿ ಮುಗಿಯುವುದು ಥೀಸಿಸ್ ಮುಗಿದಾಗ. ಸಲ್ಲಿಸಿದ ಮೇಲೂ ಪರೀಕ್ಷಕರ ವರದಿ ಬಂದು ವೈವಾ ನಡೆಯಲು ಕೆಲವು ತಿಂಗಳು ಹಿಡಿಯುತ್ತದೆ. ಎರಡೂವರೆ, ಮೂರು ವರ್ಷಕ್ಕೆ ಎಳೆದವರೂ ಇದ್ದಾರೆ. ಹಾಗಾದರೆ ಮೇಲೆ ಹೇಳಿದ 2028ರ ಲೆಕ್ಕ ಕೆಡುತ್ತದೆ, ಏಕೆಂದರೆ ಬಹುತೇಕ ವಿಶ್ವವಿದ್ಯಾಲಯಗಳು ಸೇರುವ ಮುನ್ನ ಪದವಿ ಮುಗಿದಿರಬೇಕೆನ್ನುತ್ತವೆ.

ಎಳೆಯುವುದು ಎರಡು ಕಾರಣಕ್ಕೆ. ಬೇಕಾದ ಉಪಕರಣ ಇನ್ನೂ ಬಂದಿರದ ಪ್ರಾಜೆಕ್ಟನ್ನು ನಂಬಿ ಕೂರುವುದು ಒಂದು. ಪ್ರಾಯೋಜಿತ ಯೋಜನೆಯ ಕೆಲಸದಲ್ಲೇ ಮುಳುಗಿ ತನ್ನ ಥೀಸಿಸ್ ಪ್ರಶ್ನೆ ಯಾವುದೆಂದೇ ಗೊತ್ತಾಗದೆ ಹೋಗುವುದು ಇನ್ನೊಂದು. ಇವೆರಡೂ ಸೇರುವ ಮೊದಲೇ ಪತ್ತೆಯಾಗುತ್ತವೆ, ಕೇಳುವವರು ಬೇಕು. ಗೈಡ್ ಆಗಲಿರುವವರ ಹಿಂದಿನ ಮೂವರು ಎಂ.ಎಸ್. ವಿದ್ಯಾರ್ಥಿಗಳು ಸೇರಿದ ತಿಂಗಳು ಯಾವುದು, ಥೀಸಿಸ್ ಕೊಟ್ಟ ತಿಂಗಳು ಯಾವುದು ಎಂದು ಆ ವಿದ್ಯಾರ್ಥಿಗಳನ್ನೇ ಕೇಳಿ. ನಿಮಗೆ ಕೊಡುವ ರಿಗ್ ಇವತ್ತು ಓಡುತ್ತಿದೆಯೇ ಎಂದು ಕೇಳಿ. ಸಹಾಯಧನ ಎಷ್ಟನೇ ತಿಂಗಳಿಗೆ ನಿಲ್ಲುತ್ತದೆ ಎಂದು ಕಚೇರಿಯಿಂದ ಲಿಖಿತವಾಗಿ ತಿಳಿದುಕೊಳ್ಳಿ. ಮೂವರಲ್ಲಿ ಇಬ್ಬರು ಮೂವತ್ತು ತಿಂಗಳು ದಾಟಿದ್ದರೆ ಬೇರೆ ಗೈಡ್ ಹುಡುಕಿ.

ನೀವು ಮದ್ರಾಸಿಗೆ ಹೋಗುವುದೇ ಮೇಲು ಎಂದು ನಮ್ಮ ಅಭಿಪ್ರಾಯ. ‘ಖಾತ್ರಿ ಇಲ್ಲ’ ಅನ್ನುವುದೇ ಅದಕ್ಕೆ ಕಾರಣ. ವರ್ಷವೊಂದು ಕಳೆಯುವಷ್ಟರಲ್ಲಿ, ಫಲ ಸಿಗದ ವಾರಗಳನ್ನು ತಡೆದುಕೊಳ್ಳುವ ಮನಸ್ಸು ನಿಮಗಿದೆಯೇ ಎಂದು ನಿಮಗೇ ತಿಳಿದಿರುತ್ತದೆ. ಇದ್ದರೆ ಅಲ್ಲಿಯೇ ಎಂ.ಎಸ್.ನಿಂದ ಪಿಎಚ್‌.ಡಿ.ಗೆ ಬದಲಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಇಲ್ಲದಿದ್ದರೆ ಪದವಿ ಹಿಡಿದು ಕೆಲಸಕ್ಕೆ ಹೋಗಬಹುದು, ಮನೆಯ ಪತ್ರ ಅಪ್ಪನ ಬೀರುವಿನಲ್ಲೇ ಇರುತ್ತದೆ. ಪಿಎಚ್‌.ಡಿ. ಬೇಡವೇ ಬೇಡ, ಹೊರದೇಶದಲ್ಲಿ ಉದ್ಯೋಗವೇ ಗುರಿ ಎಂದು ನೀವು ಬರೆದಿದ್ದರೆ ನಮ್ಮ ಉತ್ತರ ಬೇರೆಯಾಗಿರುತ್ತಿತ್ತು.

ಅಮ್ಮನಿಗೆ ಆ ಎರಡು ಕ್ಯಾಲೆಂಡರನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಿ. ಬ್ರಿಟನ್ನಿನವರಿಗೆ ಇಲ್ಲ ಅನ್ನುವ ಮೊದಲು, ಸೀಟನ್ನು ಒಂದು ವರ್ಷ ಮುಂದೂಡಲು ಬರುತ್ತದೆಯೇ ಎಂದು ಇಮೇಲ್ ಹಾಕಿ ಕೇಳಿ. ಅದಕ್ಕೆ ಹೊಸದಾಗಿ ಮುಂಗಡ ಕಟ್ಟಬೇಕೆಂದರೆ ಮಾತ್ರ ಬಿಟ್ಟುಬಿಡಿ.