ಮಳಿಗೆ ಬಾಡಿಗೆ ಏರಿಸುವ ನೋಟಿಸ್ ಹೇಗಿರಬೇಕು?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಆರು ಮಳಿಗೆಯ ಸಣ್ಣ ಕಾಂಪ್ಲೆಕ್ಸ್. ಮೂರು ವರ್ಷದಿಂದ ಬಾಡಿಗೆ ಏರಿಸಿಲ್ಲ. ಬಾಡಿಗೆದಾರರಿಗೆ ನೋಟಿಸ್ ಹೇಗೆ ಬರೆಯೋದು, ಎಷ್ಟು ದಿನ ಮುಂಚೆ ಕೊಡಬೇಕು?

ನಾನೂ ಮಳಿಗೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ, ಅದಕ್ಕೆ ಹೇಳ್ತೀನಿ. ಮೊದಲು ಕರಾರು ಪತ್ರ ತೆಗೆದು ನೋಡಿ. 11 ತಿಂಗಳಿಗೊಮ್ಮೆ ಇಷ್ಟು ಪರ್ಸೆಂಟ್ ಏರಿಕೆ ಅಂತ ಅದರಲ್ಲೇ ಇದ್ದರೆ ನಿಮ್ಮ ನೋಟಿಸ್ ಬರೀ ನೆನಪೋಲೆ. ಇಲ್ಲದಿದ್ದರೆ ಅದು ಬೇಡಿಕೆ ಅಷ್ಟೇ. ಬಾಡಿಗೆದಾರ ಒಪ್ಪದೆ ಹೊಸ ಬಾಡಿಗೆ ಜಾರಿಗೆ ಬರಲ್ಲ.

ಬಾಡಿಗೆ ಏರಿಸೋಕೆ ಎಲ್ಲರಿಗೂ ಅನ್ವಯಿಸುವ ಒಂದೇ ಗಡುವು ಇಲ್ಲ, ಕರಾರಿನಲ್ಲಿ ಇದ್ದದ್ದೇ ಲೆಕ್ಕ. ಇಲ್ಲದಿದ್ದರೆ ನಾನಾದರೆ ಎರಡು ತಿಂಗಳು ಕೊಡ್ತೀನಿ. ಅಂಗಡಿಯವರು ಹಬ್ಬದ ಸರಕಿಗೆ ದುಡ್ಡು ಹಾಕಿ ಕೂತಿರುವಾಗ ದಿಢೀರನೆ ಹೇಳಿದರೆ ಜಗಳವೇ ಆಗೋದು.

"ಮಾರ್ಕೆಟ್ ರೇಟ್ ಜಾಸ್ತಿ ಆಗಿದೆ" ಅಂತ ಮಾತ್ರ ಬರೆಯಬೇಡಿ, ಅದನ್ನು ಯಾರೂ ನಂಬಲ್ಲ. ಆಸ್ತಿ ತೆರಿಗೆಯ ಹಳೇ ಹೊಸ ರಶೀದಿ, ಮೆಟ್ಟಿಲ ಲೈಟು ಮತ್ತು ನೀರಿನ ಮೋಟಾರಿನ ಕರೆಂಟ್ ಬಿಲ್, ಇವುಗಳ ಜೆರಾಕ್ಸ್ ಜೊತೆಗಿಡಿ. ಉದಾಹರಣೆಗೆ ಹೀಗೆ ಬರೆಯಬಹುದು:

"ನಿಮ್ಮ 3ನೇ ನಂಬರ್ ಮಳಿಗೆಯ ಬಾಡಿಗೆ ಈಗ ತಿಂಗಳಿಗೆ 9,000 ರೂ. ಮೂರು ವರ್ಷದಿಂದ ಬದಲಾಗಿಲ್ಲ. ತೆರಿಗೆ ಮತ್ತು ನಿರ್ವಹಣೆ ಖರ್ಚು ಹೆಚ್ಚಾಗಿರುವುದರಿಂದ ಏಪ್ರಿಲ್ 1ರಿಂದ 9,900 ರೂ. ಮಾಡಲು ಉದ್ದೇಶಿಸಿದ್ದೇವೆ. ಅಡ್ವಾನ್ಸ್ ಮೊತ್ತ ಹಾಗೇ ಇರುತ್ತದೆ. ನಿಮ್ಮ ಅಭಿಪ್ರಾಯ ಫೆಬ್ರವರಿ 28ರೊಳಗೆ ತಿಳಿಸಿ."

ಅಡ್ವಾನ್ಸ್ ವಿಷಯ ಬಿಡಬೇಡಿ, ಎಲ್ಲರೂ ಮೊದಲು ಕೇಳೋದು ಅದನ್ನೇ. ಇದನ್ನು ಜನವರಿ ಕೊನೆಯೊಳಗೆ ಕೈಯಲ್ಲೇ ಕೊಟ್ಟು, ಇನ್ನೊಂದು ಪ್ರತಿಯಲ್ಲಿ ತಾರೀಖು ಹಾಕಿಸಿ ಸಹಿ ತಗೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಶೀದಿ ಇಟ್ಕೊಳ್ಳಿ.

ಒಪ್ಪದಿದ್ದರೆ? ಬೀಗ ಹಾಕೋದು, ಕರೆಂಟ್ ಕಟ್ ಮಾಡೋದು ಬೇಡವೇ ಬೇಡ. ಖಾಲಿ ಮಾಡಿಸುವ ನೋಟಿಸ್ ಬೇರೆಯೇ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕು, ಆಮೇಲೆ ಕೋರ್ಟು. ಆ ಗಡುವು ಮುಗಿದ ಮೇಲೂ ಸುಮ್ನೆ ಬಾಡಿಗೆ ತಗೊಳ್ತಾ ಹೋದರೆ ನೋಟಿಸ್ ಕೈಬಿಟ್ಟಿದ್ದೀರಿ ಅಂತ ಎದುರಿನ ವಕೀಲರು ವಾದಿಸ್ತಾರೆ. ಮಳಿಗೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಯೊಳಗಿದ್ದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಅಡ್ಡ ಬರಬಹುದು. ಟೇಪ್ ಹಿಡಿದು ಅಳೆದ ಮೇಲೇ ವಕೀಲರ ಹತ್ತಿರ ಹೋಗಿ.

ಒಪ್ಪಿದರೆ ಬಾಯಿಮಾತಿಗೆ ನಿಲ್ಲಿಸಬೇಡಿ. ಹೊಸ ಮೊತ್ತ, ಜಾರಿ ತಾರೀಖು, ಮುಂದಿನ ಏರಿಕೆ ಯಾವಾಗ ಅನ್ನೋದನ್ನು ಸೇರಿಸಿ ಸ್ಟಾಂಪ್ ಪೇಪರ್ ಮೇಲೆ ಹೊಸ ಕರಾರು ಮಾಡಿಸಿ.