ಹ್ಯುಮಿಡಿಫೈಯರ್ ಕೊಳ್ಳುವ ಮೊದಲು ಎಸಿಯ ರಿಮೋಟ್ ನೋಡಿ

ಪ್ರಶ್ನೆ: ಎಸಿ ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ ಮಾತನಾಡುವ ಕೆಲಸ. ಸಂಜೆಯ ಹೊತ್ತಿಗೆ ಗಂಟಲು ಒಣಗಿ ಕೆರೆಯುತ್ತದೆ. ಮೇಜಿನ ಮೇಲಿಡುವ ಸಣ್ಣ ಹ್ಯುಮಿಡಿಫೈಯರ್ ಯಾವುದು ಒಳ್ಳೆಯದು?

ಯಾವುದನ್ನೂ ಕೊಳ್ಳಬೇಡಿ. ಹಾಸನದ ಒಂದು ಖಾಸಗಿ ಕಚೇರಿಯಲ್ಲಿ ನಾನೂ ಇದೇ ಕೆಲಸ ಮಾಡುತ್ತಿದ್ದೆ. ಫೆಬ್ರವರಿಯ ಒಣಹವೆಯಲ್ಲಿ ಗಂಟಲು ಕೆರೆಯತೊಡಗಿದಾಗ ನಾನು ಕೈಹಾಕಿದ್ದು ರಿಮೋಟಿಗೆ. ಅದರಲ್ಲಿ ನೀರಿನ ಹನಿಯ ಚಿತ್ರವಿರುವ ಒಂದು ಆಯ್ಕೆಯಿತ್ತು. ಹನಿಯೆಂದರೆ ಗಾಳಿಗೆ ತೇವ ಸೇರಿಸುವುದಿರಬೇಕೆಂದು ತಿಳಿದು, ಪ್ರತಿದಿನ ಬೆಳಿಗ್ಗೆ ಅದನ್ನೇ ಒತ್ತುತ್ತಿದ್ದೆ. ವಾಸ್ತವದಲ್ಲಿ ಅದು ಡ್ರೈ ಮೋಡ್: ಗಾಳಿಯಿಂದ ತೇವವನ್ನು ತೆಗೆಯಲೆಂದೇ ಇರುವ ವ್ಯವಸ್ಥೆ. ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾಯುವಾಗ ಅದರಲ್ಲಿನ ನೀರಾವಿ ಹನಿಗಟ್ಟಿ ಕೊಳವೆಯ ಮೂಲಕ ಹೊರಹೋಗುತ್ತದೆ. ಎಸಿಯ ಎಲ್ಲ ಮೋಡ್‌ಗಳಲ್ಲೂ ತಂಪು ಮಾಡುವಾಗ ಇದು ನಡೆಯುತ್ತದೆ. ಆದರೆ ಡ್ರೈ ಮೋಡಿನಲ್ಲಿ ಫ್ಯಾನ್ ನಿಧಾನವಾಗಿ ತಿರುಗುವುದರಿಂದ ತಂಪಿಗಿಂತ ತೇವ ತೆಗೆಯುವುದೇ ಮುಖ್ಯ ಕೆಲಸವಾಗುತ್ತದೆ. ಮಲೆನಾಡಿನ ಜುಲೈ ತಿಂಗಳಿಗೆ ಅದು ಹೇಳಿ ಮಾಡಿಸಿದ್ದು, ಫೆಬ್ರವರಿಗಲ್ಲ. ಗಂಟಲು ಒಣಗಿದಷ್ಟೂ ನಾನು ಅದನ್ನೇ ಹೆಚ್ಚು ಹೊತ್ತು ಹಾಕುತ್ತಿದ್ದೆ. ಹೊರಗೆ ಕೊಳವೆಯ ಕೆಳಗಿಟ್ಟಿದ್ದ ಬಕೆಟ್ಟು ತುಂಬುವುದನ್ನು ದಿನವೂ ನೋಡುತ್ತಿದ್ದರೂ, ಆ ನೀರು ನಮ್ಮ ಕೋಣೆಯ ಗಾಳಿಯದೇ ಎಂದು ಹೊಳೆದಿರಲಿಲ್ಲ.

ಈ ಬಕೆಟ್ಟೇ ನಿಮ್ಮ ಪ್ರಶ್ನೆಗೂ ಉತ್ತರ. ಸಣ್ಣ ಹ್ಯುಮಿಡಿಫೈಯರ್ ಬಿಡುವ ತೇವದ ಒಂದು ಪಾಲನ್ನು ಎಸಿ ಮತ್ತೆ ಹೊರಗೆ ಸುರಿಯುತ್ತದೆ. ತೊಟ್ಟಿಯನ್ನು ದಿನವೂ ತೊಳೆಯದಿದ್ದರೆ ಅದರಲ್ಲಿ ಲೋಳೆ ಕಟ್ಟಿ, ಅದೇ ನಿಮ್ಮ ಮುಖಕ್ಕೆ ಬರುತ್ತದೆ.

ನಾನು ಮಾಡಿದ್ದಿಷ್ಟು: ಕೂಲ್ ಮೋಡಿಗೆ ಬದಲಿಸಿ, 18 ಡಿಗ್ರಿಯಿಂದ 25ಕ್ಕೆ ಏರಿಸಿ, ಗಾಳಿ ಮುಖಕ್ಕೆ ಬಡಿಯದಂತೆ ರೆಕ್ಕೆಗಳನ್ನು ಮೇಲಕ್ಕೆ ತಿರುಗಿಸಿದೆ. ತೇವ ತೋರಿಸುವ ಅಗ್ಗದ ಮಾಪಕವೊಂದನ್ನು ಮೇಜಿನ ಮೇಲಿಟ್ಟಿದ್ದೆ. ಮೊದಲು 35ರ ಆಸುಪಾಸಿನಲ್ಲಿದ್ದ ಶೇಕಡಾವಾರು ಕೆಲವೇ ದಿನಗಳಲ್ಲಿ 45ರ ಹತ್ತಿರ ನಿಂತಿತು. 40ರಿಂದ 60ರವರೆಗಿದ್ದರೆ ಸಾಮಾನ್ಯವಾಗಿ ಗಂಟಲಿಗೆ ಹಿತ.

ಉಳಿದರ್ಧ ನಿಮ್ಮ ಮೂಗಿನ ಕೆಲಸ. ಒಳಹೋಗುವ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಮೂಗು. ದಿನವಿಡೀ ಮಾತನಾಡುವವರು ಬಾಯಿಯಿಂದ ಉಸಿರೆಳೆದು ಅದನ್ನು ತಪ್ಪಿಸಿಬಿಡುತ್ತಾರೆ. ಎರಡು ಕರೆಗಳ ನಡುವೆ ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳು ಸಾಕು. ಶೀತದ ಮಾತ್ರೆಯನ್ನು ಸುಮ್ಮನೆ ನುಂಗಬೇಡಿ. ಅವುಗಳಲ್ಲಿ ಹಲವು ಬಾಯಿ-ಗಂಟಲನ್ನು ಇನ್ನಷ್ಟು ಒಣಗಿಸುತ್ತವೆ.

ಗಂಟಲಿನ ಕೆರೆತ ರಜೆಯ ದಿನ ಕಡಿಮೆಯಾಗಿ, ಕೆಲಸದ ದಿನ ಸಂಜೆ ಹೆಚ್ಚಾದರೆ ಕೋಣೆಯ ಗಾಳಿಯನ್ನೇ ಸಂಶಯಿಸಿ. ಜ್ವರ ಬಂದರೆ, ನುಂಗಲು ಕಷ್ಟವಾದರೆ ಅಥವಾ ದನಿ ಮೂರು ವಾರಕ್ಕಿಂತ ಹೆಚ್ಚು ಕಾಲ ಒಡೆದೇ ಇದ್ದರೆ, ರಿಮೋಟನ್ನು ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ.