ಗಂಟು ಯಾವ ಕಡೆಗೆ ಸರಿದಿದೆ?

‘ನನಗೆ 61 ವರ್ಷ. 12 ದಿನಗಳ ಹಿಂದೆ ಅಡಿಕೆ ಚೀಲವನ್ನು ಗಾಡಿಗೆ ಏರಿಸುವಾಗ ಬಲ ಭುಜದಲ್ಲಿ ಟಪ್ಪೆಂದು ಸದ್ದಾಯಿತು. ಮರುದಿನ ನೋಡಿದರೆ ರಟ್ಟೆಯಲ್ಲಿ, ಮೊಣಕೈಗಿಂತ ತುಸು ಮೇಲೆ, ನಿಂಬೆಹಣ್ಣಿನಷ್ಟು ಗಂಟು. ರಟ್ಟೆಯೆಲ್ಲ ನೀಲಿಗಟ್ಟಿತ್ತು. ವಿಚಿತ್ರವೆಂದರೆ, ವರ್ಷದಿಂದ ಕಾಡುತ್ತಿದ್ದ ಭುಜದ ನೋವು ಆ ದಿನದಿಂದ ಕಡಿಮೆಯಾಗಿದೆ. ನಮ್ಮೂರಿನ ಡಾಕ್ಟರು ಆಪರೇಷನ್ ಬೇಡ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ಎಲ್ಲೋ ಓದಿ, ಮೂರು ವಾರದೊಳಗೆ ಹೊಲಿಸದಿದ್ದರೆ ಕೈ ಕೆಲಸಕ್ಕೆ ಬಾರದಂತಾಗುತ್ತದೆ ಎನ್ನುತ್ತಾನೆ. ಯಾರ ಮಾತು ಕೇಳಲಿ?’
— ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು

ಮಾನ್ಯರೇ,

ನಿಮ್ಮ ಡಾಕ್ಟರೂ ತಪ್ಪು ಹೇಳಿಲ್ಲ, ನಿಮ್ಮ ಮಗ ಓದಿದ್ದೂ ಸುಳ್ಳಲ್ಲ. ಇಬ್ಬರೂ ಒಂದೇ ಸ್ನಾಯುವಿನ ಎರಡು ಬೇರೆ ಬೇರೆ ತುದಿಗಳ ಬಗ್ಗೆ ಮಾತನಾಡುತ್ತಿದ್ದಾರೆ, ಅಷ್ಟೇ.

ರಟ್ಟೆಯ ಮುಂಭಾಗದಲ್ಲಿರುವ ಬೈಸೆಪ್ಸ್ ಸ್ನಾಯು ಮೇಲ್ಗಡೆ ಎರಡು ಕವಲಾಗಿ ಒಡೆಯುತ್ತದೆ. ಒಂದು ಕವಲಿನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಹಗ್ಗದಂಥ ಭಾಗ, ತೋಳೆಲುಬಿನ ಮೇಲ್ತುದಿಯ ಸಣ್ಣ ಕಾಲುವೆಯೊಳಗೆ ಹಾದು, ಭುಜದ ಕೀಲಿನ ಒಳಗೇ ಹೋಗಿ ಅಂಟಿಕೊಂಡಿರುತ್ತದೆ. ಇದನ್ನು ಉದ್ದ ಕವಲು ಎನ್ನೋಣ. ಗಿಡ್ಡ ಕವಲು ಕೀಲಿನ ಹೊರಗೆ, ಹೆಗಲೆಲುಬಿನ ಮುಂಚಾಚಿಗೆ ಕಟ್ಟಿಕೊಂಡಿರುತ್ತದೆ. ಕೆಳಗೆ ಎರಡೂ ಕೂಡಿ ಒಂದೇ ದಪ್ಪ ರಜ್ಜುವಾಗಿ ಮೊಣಕೈಯನ್ನು ದಾಟಿ ಮುಂಗೈಯ ಎಲುಬನ್ನು ಹಿಡಿಯುತ್ತವೆ. ಮೇಲೆ ಎರಡು ಹಿಡಿತ, ಕೆಳಗೆ ಒಂದೇ ಹಿಡಿತ ಎಂಬ ಈ ವ್ಯತ್ಯಾಸವೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ.

ಮೇಲಿನ ಉದ್ದ ಕವಲು ಹರಿದಾಗ ಸ್ನಾಯುವಿನ ಹೊಟ್ಟೆ ಕೆಳಕ್ಕೆ ಜಾರಿ ಮೊಣಕೈಯ ಸಮೀಪ ಗಂಟಾಗಿ ನಿಲ್ಲುತ್ತದೆ. ಕೆಳಗಿನ ರಜ್ಜು ಹರಿದಾಗ ಸ್ನಾಯು ಮೇಲಕ್ಕೆ, ಭುಜದ ಕಡೆಗೆ ಸುರುಟಿಕೊಳ್ಳುತ್ತದೆ. ಆಗ ಸದ್ದೂ ನೋವೂ ಮೊಣಕೈಯ ಮಡಿಕೆಯಲ್ಲಿರುತ್ತವೆ, ನೀಲಿ ಮುಂಗೈಗೆ ಹರಡುತ್ತದೆ. ನೀವು ಬರೆದ ಪ್ರತಿಯೊಂದು ಲಕ್ಷಣವೂ ಮೇಲಿನ ತುದಿಯತ್ತ ಬೆರಳು ತೋರಿಸುತ್ತದೆ. ಭುಜದ ನೋವು ಇಳಿದದ್ದೂ ವಿಚಿತ್ರವೇನಲ್ಲ: ವರ್ಷದಿಂದ ಉಜ್ಜಿ ಉಜ್ಜಿ ಸವೆದು ಊದಿಕೊಂಡಿದ್ದ ರಜ್ಜುವೇ ಆ ನೋವಿನ ಮೂಲವಾಗಿದ್ದರೆ, ಅದು ಹರಿದ ಮೇಲೆ ಎಳೆತ ನಿಂತು ನೋವು ಶಮನವಾಗುವುದು ವೈದ್ಯರಿಗೆ ಪರಿಚಿತವಾದ ಸಂಗತಿ. ಚೀಲ ಕೊನೆಯ ಏಟು ಕೊಟ್ಟಿತು; ಹಗ್ಗ ಅದಕ್ಕೂ ಬಹಳ ಮೊದಲೇ ಎಳೆ ಬಿಟ್ಟಿತ್ತು.

ಆದರೂ ಕೆಳಗಿನ ರಜ್ಜು ಗಟ್ಟಿಯಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಡಾಕ್ಟರು ಮಾಡುವ ಪರೀಕ್ಷೆ ಸರಳವಾದದ್ದು. ಮೊಣಕೈಯನ್ನು 90 ಡಿಗ್ರಿ ಮಡಿಸಿ, ಅಂಗೈಯನ್ನು ಮೇಲ್ಮುಖವಾಗಿ ಬಲವಾಗಿ ತಿರುಗಿಸಿ ಹಿಡಿದಾಗ, ಮಡಿಕೆಯ ಹೊರಬದಿಯಿಂದ ತೋರುಬೆರಳನ್ನು ಕೊಕ್ಕೆಯಂತೆ ಒಳಕ್ಕೆ ಹಾಕುತ್ತಾರೆ. ರಜ್ಜು ಇದ್ದರೆ ಬೆರಳಿಗೆ ಬಿಗಿದ ಹಗ್ಗ ಸಿಕ್ಕಿದಂತಾಗುತ್ತದೆ, ಇಲ್ಲದಿದ್ದರೆ ಸಿಕ್ಕಿಸಲು ಏನೂ ಇರುವುದಿಲ್ಲ. ಬೆರಳನ್ನು ಒಳಬದಿಯಿಂದ ಹಾಕಿದರೆ ಅಲ್ಲಿನ ಬೇರೊಂದು ಪೊರೆ ಸಿಕ್ಕಿ ಮೋಸವಾಗುವುದುಂಟು. ಆದ್ದರಿಂದ ಹೊರಬದಿಯಿಂದಲೇ ನೋಡಿ, ಸರಿಯಿರುವ ಕೈಯೊಂದಿಗೆ ಹೋಲಿಸಬೇಕು.

ಮಗ ಹೇಳಿದ ಮೂರು ವಾರದ ಗಡುವು ಈ ಕೆಳತುದಿಗೆ ಸೇರಿದ್ದು. ಅದು ಹರಿದರೆ ಬೈಸೆಪ್ಸ್‌ಗೆ ಮುಂಗೈಯ ಮೇಲೆ ಹಿಡಿತವೇ ಉಳಿಯುವುದಿಲ್ಲ. ಸ್ಕ್ರೂ ಬಿಗಿಯುವಾಗ ಮಾಡುವಂತೆ ಅಂಗೈಯನ್ನು ಮೇಲಕ್ಕೆ ತಿರುಗಿಸುವ ಶಕ್ತಿ ಸುಮಾರು ಶೇ 40ರಷ್ಟು, ಮೊಣಕೈ ಮಡಿಸುವ ಶಕ್ತಿ ಸುಮಾರು ಶೇ 30ರಷ್ಟು ಕುಗ್ಗುತ್ತದೆ. ತಡವಾದರೆ ರಜ್ಜು ಕುಗ್ಗಿ, ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು, ಮೂಲಸ್ಥಾನಕ್ಕೆ ಎಳೆದು ತರುವುದೇ ಕಷ್ಟವಾಗುತ್ತದೆ. ಬೇರೆ ಕಡೆಯ ರಜ್ಜುವಿನ ತುಂಡನ್ನು ಜೋಡಿಸಬೇಕಾಗಲೂಬಹುದು. ದುಡಿಯುವ ಕೈಗೆ ಅಲ್ಲಿ ಬೇಗನೆ ಆಪರೇಷನ್ ಮಾಡಿಸುವುದೇ ಸಾಮಾನ್ಯವಾಗಿ ಕೊಡುವ ಸಲಹೆ.

ಮೇಲಿನ ತುದಿಯ ಲೆಕ್ಕ ಬೇರೆ. ಗಿಡ್ಡ ಕವಲು ಇನ್ನೂ ಹಿಡಿದುಕೊಂಡಿರುತ್ತದೆ. ಮೊಣಕೈ ಮಡಿಸುವ ಕೆಲಸದ ದೊಡ್ಡ ಪಾಲನ್ನು ಬೈಸೆಪ್ಸ್‌ನ ಅಡಿಯಲ್ಲಿರುವ ಬ್ರೇಕಿಯಾಲಿಸ್ ಎಂಬ ಸ್ನಾಯು ಮೊದಲಿನಿಂದಲೂ ಮಾಡಿಕೊಂಡು ಬಂದಿದೆ. ಹೀಗಾಗಿ ಮಡಿಸುವ ಶಕ್ತಿಯಲ್ಲಿ ನಷ್ಟ ಅಲ್ಪ; ಅಂಗೈ ತಿರುಗಿಸುವ ಶಕ್ತಿಯಲ್ಲಿ ಶೇ 10ರಿಂದ 20ರಷ್ಟು ಇಳಿಕೆ ಕಾಣಬಹುದು. ನಿಮ್ಮ ವಯಸ್ಸಿನವರಿಗೆ ಆಪರೇಷನ್ ಬೇಡವೆನ್ನುವುದು ಈ ಕಾರಣಕ್ಕೆ. ಕೆಲವು ದಿನ ಜೋಳಿಗೆಪಟ್ಟಿ, ಬಟ್ಟೆ ಸುತ್ತಿದ ಮಂಜುಗಡ್ಡೆ, ಬೇಕಾದರೆ ಪ್ಯಾರಾಸಿಟಮಾಲ್. ನೋವು ಇಳಿದಂತೆ ಭುಜ ಬಿಗಿದುಕೊಳ್ಳದಂತೆ ಆಡಿಸುವುದು, ಆಮೇಲೆ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಬಲ ತುಂಬುವ ವ್ಯಾಯಾಮ. ನೀವು ಈಗಾಗಲೇ ಪಟ್ಟಿಯನ್ನು ಬಿಡುವ ಹಂತದಲ್ಲಿದ್ದೀರಿ. ಭಾರದ ಚೀಲ ಮಾತ್ರ ಎರಡು ಮೂರು ತಿಂಗಳು ಬೇರೆಯವರ ಹೆಗಲ ಮೇಲಿರಲಿ.

ಗಂಟು ಮಾತ್ರ ಹಾಗೆಯೇ ಉಳಿಯುತ್ತದೆ. ಎಣ್ಣೆ ಹಚ್ಚಿ ನೀವಿದರೂ, ಬಿಗಿಯಾಗಿ ಕಟ್ಟು ಕಟ್ಟಿದರೂ ಅದು ಮೇಲೇರುವುದಿಲ್ಲ, ಏಕೆಂದರೆ ಅದು ಬಾವಲ್ಲ, ಹಿಡಿತ ತಪ್ಪಿದ ಸ್ನಾಯು. ಹೊಸ ಗಾಯವನ್ನು ಜೋರಾಗಿ ನೀವಿದರೆ ಒಳಗಿನ ರಕ್ತಸ್ರಾವ ಹೆಚ್ಚೀತು. ಕೆಲವರಿಗೆ ಒಂದೇ ಸಮ ಕೆಲಸ ಮಾಡಿದಾಗ ಆ ಗಂಟಿನಲ್ಲಿ ಸೆಳೆತ ಬರುತ್ತದೆ. ಅದು ತಿಂಗಳುಗಟ್ಟಲೆ ಉಳಿದರೆ, ಅಥವಾ ವ್ಯಕ್ತಿ ಚಿಕ್ಕ ವಯಸ್ಸಿನವನಾಗಿದ್ದು ದಿನವಿಡೀ ಸ್ಪ್ಯಾನರ್ ತಿರುಗಿಸುವಂಥ ದುಡಿಮೆಯವನಾಗಿದ್ದರೆ, ಇಲ್ಲವೇ ತೋಳಿನ ಆಕಾರವೇ ಮನಸ್ಸಿಗೆ ಕಿರಿಕಿರಿಯಾಗಿದ್ದರೆ, ಆಪರೇಷನ್ ಮಾಡಿಸಲು ಕಾರಣವಿದೆ. ಆಗಲೂ ರಜ್ಜುವನ್ನು ಭುಜದ ಕೀಲಿನೊಳಗಿನ ಹಳೆಯ ಜಾಗಕ್ಕೆ ಹೊಲಿಯುವುದಿಲ್ಲ. ಎಳೆದು ತಂದು ತೋಳೆಲುಬಿಗೇ ಸ್ಕ್ರೂ ಅಥವಾ ಆ್ಯಂಕರ್‌ನಿಂದ ಬಿಗಿಯುತ್ತಾರೆ. ಬೇಗ ಮಾಡಿದರೆ ಸುಲಭ ನಿಜ, ತಡವಾದರೆ ಬಾಗಿಲು ಮುಚ್ಚಿತೆಂದೇನೂ ಅಲ್ಲ. ಬಿಗಿದ ಮೇಲೆ ಸುಮಾರು ಆರು ವಾರ ಆ ಕೈಯಿಂದ ಏನನ್ನೂ ಎತ್ತುವಂತಿಲ್ಲ.

ನಿಮ್ಮ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಬೈಸೆಪ್ಸ್ ಅಲ್ಲ, ವರ್ಷದ ಆ ಭುಜದ ನೋವು. ಉದ್ದ ಕವಲಿನ ಪಕ್ಕದಲ್ಲಿಯೇ ಭುಜದ ಗುಂಡನ್ನು ಮುಚ್ಚಿಕೊಂಡಿರುವ ರೊಟೇಟರ್ ಕಫ್ ಎಂಬ ರಜ್ಜುಗಳ ಹೊದಿಕೆ ಇದೆ. 50 ದಾಟಿದವರಲ್ಲಿ ಇವೆರಡೂ ಒಟ್ಟಿಗೆ ಸವೆದಿರುವುದು ಸಾಮಾನ್ಯ. ಕೈಯನ್ನು ಪಕ್ಕದಿಂದ ತಲೆಯ ಮೇಲಕ್ಕೆ ಎತ್ತಲು ಆಗುತ್ತದೆಯೇ? ಆ ಮಗ್ಗುಲಿಗೆ ಮಲಗಿದಾಗ ಈಗಲೂ ನೋವಿದೆಯೇ? ಬೆನ್ನ ಹಿಂದೆ ಇಟ್ಟ ಕೈಯನ್ನು ಬೆನ್ನಿನಿಂದ ದೂರ ಸರಿಸಲು ಬಲ ಸಾಲದೇ? ಇವುಗಳಲ್ಲಿ ಒಂದರಲ್ಲಿ ತೊಡಕು ಕಂಡರೂ ಮೂಳೆತಜ್ಞರಲ್ಲಿ ಭುಜದ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬಗ್ಗೆ ಕೇಳಿ. ಚೀಲ ಎತ್ತಿದ ದಿನವೇ ಕಫ್ ಕೂಡ ಹರಿದಿದ್ದರೆ ಅದನ್ನು ಹೊಲಿಯಲು ಕಾಯದಿರುವುದು ಒಳ್ಳೆಯದು. ಬೈಸೆಪ್ಸ್‌ಗೆ ಇಲ್ಲದ ಅವಸರ ಅಲ್ಲಿ ಇದೆ.

ಹೋಗುವಾಗ, ಇತ್ತೀಚಿನ ತಿಂಗಳುಗಳಲ್ಲಿ ತೆಗೆದುಕೊಂಡ ಔಷಧಿಗಳ ಚೀಟಿಗಳನ್ನೂ ಒಯ್ಯಿರಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯೋಟಿಕ್‌ಗಳು ರಜ್ಜುಗಳನ್ನು ದುರ್ಬಲಗೊಳಿಸಬಲ್ಲವು. 60 ದಾಟಿದವರಲ್ಲಿ, ಜೊತೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಅಂಥ ಮಾತ್ರೆ ನುಂಗಿದ್ದು ನೆನಪಿದ್ದರೆ, ಮುಂದೆ ಜ್ವರಕ್ಕೋ ಮೂತ್ರದ ಸೋಂಕಿಗೋ ಚೀಟಿ ಬರೆಯುವ ಡಾಕ್ಟರಿಗೂ ಈ ಕೈಯ ಕಥೆಯನ್ನು ತಪ್ಪದೆ ಹೇಳಿ.

— ಸಂಪಾದಕ